ಬೋರ್ಡಿನ ಧೂಳೋ, ರಸ್ತೆಯ ಧೂಳೋ: ಒಂದು ಪ್ರೌಢಶಾಲೆಯ ಪ್ರಕರಣ

ಇದು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಅನುದಾನಿತ ಪ್ರೌಢಶಾಲೆಯಲ್ಲಿ ನಡೆದದ್ದು. ಊರು, ಶಾಲೆ, ಮಕ್ಕಳು ಯಾರೆಂದು ಗುರುತು ಸಿಗದಂತೆ ವಿವರಗಳನ್ನು ಬಿಟ್ಟಿದ್ದೇನೆ. ಹತ್ತಿರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನನ್ನನ್ನು ಆ ಶಾಲೆಯ ವಿಜ್ಞಾನ ಶಿಕ್ಷಕಿ ಸಲಹೆಗೆ ಕರೆದಿದ್ದರು. ಮಾಡಿದ್ದೆಲ್ಲ ಒಂಬತ್ತನೇ ತರಗತಿಯ ಮಕ್ಕಳು.

ಹಿನ್ನೆಲೆ

ಶಾಲೆಯ ಕಾಂಪೌಂಡಿಗೆ ತಾಗಿಕೊಂಡೇ ರಾಜ್ಯ ಹೆದ್ದಾರಿ. ನಡುವಿನ ಡಾಂಬರು ಚೆನ್ನಾಗಿದೆ, ಆದರೆ ಎರಡೂ ಅಂಚಿನಲ್ಲಿ ಬರೀ ಮಣ್ಣು. ಎದುರಿನಿಂದ ಲಾರಿ ಬಂದರೆ ಬಸ್ಸು ಆ ಮಣ್ಣಿಗೆ ಇಳಿಯುತ್ತದೆ, ಧೂಳು ಏಳುತ್ತದೆ. ರಸ್ತೆ ಕಡೆಗಿರುವ ಮೂರು ಕೋಣೆಗಳಲ್ಲಿ ಒಂಬತ್ತನೇ ತರಗತಿಯದೂ ಒಂದು. ಕಿಟಕಿಗಳಿಗೆ ಗಾಜಿಲ್ಲ, ಮರದ ಬಾಗಿಲು ಮಾತ್ರ. ಮುಚ್ಚಿದರೆ ಕತ್ತಲೆ.

ಕೆಮ್ಮು ಜಾಸ್ತಿಯಾಗಿದೆ ಎಂದು ಪೋಷಕರ ಸಭೆಯಲ್ಲಿ ದೂರು ಬಂತು. ರಸ್ತೆ ಕಡೆಯ ಕಿಟಕಿಗಳನ್ನು ಕಾಯಂ ಮುಚ್ಚಿ, ಒಳಗೆ ಇನ್ನೆರಡು ಟ್ಯೂಬ್‌ಲೈಟ್ ಹಾಕಿಸೋಣ ಎಂದು ಮುಖ್ಯೋಪಾಧ್ಯಾಯರು ಯೋಚಿಸಿದರು. ವಿಜ್ಞಾನ ವಸ್ತುಪ್ರದರ್ಶನಕ್ಕೆ ವಿಷಯ ಹುಡುಕುತ್ತಿದ್ದ ಶಿಕ್ಷಕಿ, ಮುಚ್ಚುವ ಮೊದಲು ಮಕ್ಕಳು ಒಮ್ಮೆ ಅಳೆದು ನೋಡಲಿ ಎಂದರು. ಸುಗ್ಗಿ ಮುಗಿದು ಮಳೆಯ ಸುಳಿವಿಲ್ಲದ ಜನವರಿ ಅದು, ಧೂಳು ಹಿಡಿಯುವುದಕ್ಕೆ ಹೇಳಿ ಮಾಡಿಸಿದ ಕಾಲ.

ಮೊದಲ ಸುತ್ತು: ಎಲ್ಲರೂ ಅಂದುಕೊಂಡಂತೆಯೇ ಬಂದ ಉತ್ತರ

ಬಿಳಿ ಡ್ರಾಯಿಂಗ್ ಹಾಳೆಯನ್ನು ಪೋಸ್ಟ್‌ಕಾರ್ಡ್ ಗಾತ್ರಕ್ಕೆ ಕತ್ತರಿಸಿ, ಪೆನ್ಸಿಲ್‌ನಲ್ಲಿ ಒಂದೊಂದು ಸೆಂಟಿಮೀಟರಿನ ಚೌಕ ಎಳೆದು, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿದರು. ಇದು ಎಲ್ಲ ಕಡೆ ಹೇಳಿಕೊಡುವ ವಿಧಾನವೇ. ಕೆಲವು ಕಾರ್ಡುಗಳನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟರು, ಕೆಲವನ್ನು ತರಗತಿಯ ಬೆಂಚುಗಳ ಮೇಲೆ. ಸಂಜೆ ತೆಗೆದು ಭೂತಗನ್ನಡಿಯಲ್ಲಿ ಎಣಿಸಿದರೆ ರಸ್ತೆ ಬದಿಯ ಕಾರ್ಡಿನಲ್ಲಿ ತರಗತಿಯ ಕಾರ್ಡಿಗಿಂತ ಸುಮಾರು ನಾಲ್ಕು ಪಟ್ಟು ಕಣಗಳಿದ್ದವು. ಚಾರ್ಟ್ ಬರೆಯಲು ಮಕ್ಕಳು ತಯಾರಾದರು, ಕಿಟಕಿ ಮುಚ್ಚಿಸಲು ಮುಖ್ಯೋಪಾಧ್ಯಾಯರು ತಯಾರಾದರು.

ಮುಂದಿನ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗಿ ಮಾತ್ರ ಒಪ್ಪಲಿಲ್ಲ. “ಮಿಸ್, ಮಧ್ಯಾಹ್ನದ ಹೊತ್ತಿಗೆ ನನ್ನ ಬ್ಯಾಗ್ ಮೇಲೆ ಬಿಳೀ ಧೂಳು ಕೂತಿರುತ್ತೆ. ಕಾರ್ಡ್ ಮೇಲೆ ಅದು ಒಂದೂ ಯಾಕಿಲ್ಲ?” ಎಂದಳು.

ಅವಳ ಬ್ಯಾಗು ಕಪ್ಪು, ಕಾರ್ಡು ಬಿಳಿ. ಬಿಳಿ ಹಾಳೆಯ ಮೇಲೆ ಸೀಮೆಸುಣ್ಣದ ಪುಡಿ ಎಷ್ಟು ಬಿದ್ದರೂ ಕಾಣುವುದಿಲ್ಲ. ಕಂದು ಮಣ್ಣು, ಕಪ್ಪು ಮಸಿ ಮಾತ್ರ ಎಣಿಕೆಗೆ ಸಿಗುತ್ತವೆ. ಅಂದರೆ ತರಗತಿಯೊಳಗೇ ಹುಟ್ಟುವ ಮುಖ್ಯ ಧೂಳನ್ನು ಈ ಸಾಧನ ಮೊದಲೇ ಲೆಕ್ಕದಿಂದ ಹೊರಗಿಟ್ಟಿತ್ತು. ಇಡೀ ಪ್ರಕರಣ ಹೊರಳಿದ್ದು ಈ ಪ್ರಶ್ನೆಯಿಂದ.

ಇನ್ನೊಂದು ತೊಂದರೆಯೂ ಆಗ ಕಣ್ಣಿಗೆ ಬಿತ್ತು. ಗೋಡೆಯ ಮೇಲಿನ ಕಾರ್ಡುಗಳಲ್ಲಿ ಬಿಸಿಲಿಗೆ ವ್ಯಾಸಲೀನ್ ಕರಗಿ ಒಂದು ಕಡೆಗೆ ಹರಿದಿತ್ತು. ಹರಿದ ಕಡೆ ಕಣಗಳು ಗುಡ್ಡೆ ಬಿದ್ದಿದ್ದವು, ಮೇಲಿನ ಅಂಚು ಖಾಲಿ. ಎಣಿಸುವವರು ಯಾವ ಚೌಕ ಆರಿಸಿಕೊಂಡರು ಎಂಬುದರ ಮೇಲೆ ಉತ್ತರ ನಿಂತಿತ್ತು. ಮಕ್ಕಳು ಸಹಜವಾಗಿಯೇ “ಚೆನ್ನಾಗಿ ಧೂಳು ಕಾಣುವ” ಚೌಕಗಳನ್ನು ಆರಿಸಿದ್ದರು.

ಸಾಧನ ಬದಲಾಯಿತು

ಎರಡನೇ ಸುತ್ತಿಗೆ ವ್ಯಾಸಲೀನ್ ಬಿಟ್ಟು ಅಗಲವಾದ ಪಾರದರ್ಶಕ ಸೆಲೋಟೇಪ್ ತೆಗೆದುಕೊಂಡರು. ದಪ್ಪ ರಟ್ಟಿನಲ್ಲಿ ಎರಡು ಸೆಂಟಿಮೀಟರ್ ಉದ್ದಗಲದ ಕಿಂಡಿ ಕೊರೆದು, ಅಂಟು ಮೇಲ್ಮುಖವಾಗಿರುವಂತೆ ಕೆಳಗಿನಿಂದ ಟೇಪ್ ಅಂಟಿಸಿದರೆ ಸಾಧನ ಸಿದ್ಧ. ಜನವರಿ ಬಿಸಿಲಿಗೆ ಅಂಟು ಕರಗಲಿಲ್ಲ. ದೊಡ್ಡ ಅನುಕೂಲವೆಂದರೆ ಎಣಿಸುವಾಗ ಟೇಪಿನ ಕೆಳಗೆ ಕಪ್ಪು ಕಾಗದ ಇಟ್ಟರೆ ಬಿಳಿ ಕಣ ಕಾಣುತ್ತದೆ, ಬಿಳಿ ಕಾಗದ ಇಟ್ಟರೆ ಕಂದು ಮತ್ತು ಕಪ್ಪು ಕಣ ಕಾಣುತ್ತವೆ. ಶಾಲೆಯ ಸೂಕ್ಷ್ಮದರ್ಶಕದ ಅಡಿಯಲ್ಲೂ ಹಾಗೇ ಇಡಬಹುದು. ಅಲ್ಲಿ ನೋಡಿದಾಗ ಮಣ್ಣಿನ ಕಣ ಕಂದಾಗಿ, ಚೂಪು ಮೂಲೆಗಳೊಡನೆ ಅಲ್ಲಲ್ಲಿ ಬೆಳಕು ಬಿಡುವಂತೆ ಕಂಡಿತು. ಸೀಮೆಸುಣ್ಣದ ಕಣಗಳು ಸಣ್ಣವು, ಹೆಚ್ಚಾಗಿ ಗುಂಪುಗುಂಪಾಗಿ ಕೂತಿದ್ದವು. ರಸ್ತೆ ಬದಿಯ ಟೇಪಿನಲ್ಲಿ ಮಾತ್ರ ಉದ್ದನೆಯ, ಬೆಳಕು ಬಿಡದ ಕಪ್ಪು ಚೂರುಗಳಿದ್ದವು. ಟೈರು ಸವೆದ ಚೂರು ಹೀಗೇ ಇರುತ್ತದೆ. ಆದರೂ ದಾಖಲೆಯಲ್ಲಿ “ಕಪ್ಪು” ಎಂದಷ್ಟೇ ಬರೆಯಿರಿ, “ಟೈರು” ಎಂದು ಬೇಡ ಎಂದು ಶಿಕ್ಷಕಿ ಪಟ್ಟು ಹಿಡಿದರು. ಶಾಲೆಯ ಹಿಂದೆ ಕಸ ಸುಡುವ ಜಾಗವೂ ಇತ್ತಲ್ಲ.

ಬಿಳಿ ಕಣ ಸೀಮೆಸುಣ್ಣವೇ ಎಂದು ಸಾಬೀತು ಮಾಡಲು ಇಬ್ಬರು ಹುಡುಗರು ನಿಂಬೆರಸ ಹಿಂಡಿದರು. ನೊರೆ ಬರಲಿಲ್ಲ. ಹಾಗಾದರೆ ಇದು ಸುಣ್ಣವಲ್ಲ ಎಂದು ತೀರ್ಮಾನಿಸುವಷ್ಟರಲ್ಲಿ ಒಬ್ಬನಿಗೆ ಹೊಸ ಸೀಮೆಸುಣ್ಣದ ಕಡ್ಡಿಯ ಮೇಲೇ ರಸ ಬಿಡುವ ಯೋಚನೆ ಬಂತು. ಅಲ್ಲೂ ನೊರೆ ಇಲ್ಲ. ನಮ್ಮ ಶಾಲೆಗಳಿಗೆ ಬರುವ ಸೀಮೆಸುಣ್ಣದಲ್ಲಿ ಬಹಳಷ್ಟು ಜಿಪ್ಸಮ್‌ನಿಂದ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್‌ನಿಂದ ಮಾಡಿದ್ದು. ಆಮ್ಲಕ್ಕೆ ನೊರೆ ಬರುವುದು ಕಾರ್ಬೊನೇಟ್ ಇದ್ದರೆ ಮಾತ್ರ. ಕೊನೆಗೆ ಕಡ್ಡಿಯನ್ನೇ ತೇಯ್ದು ಟೇಪಿನ ಮೇಲೆ ಉದುರಿಸಿ, ಆ ಮಾದರಿಯನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರು.

ಎಣಿಕೆಯೇ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು. ಒಂದೇ ಟೇಪನ್ನು ಎರಡು ಜೋಡಿಗಳು ಎಣಿಸಿದಾಗ ಒಬ್ಬರಿಗೆ 48 ಬಂದರೆ ಇನ್ನೊಬ್ಬರಿಗೆ 71. ಕೂತು ಮಾತಾಡಿದಾಗ ಕಾರಣ ತಿಳಿಯಿತು: ಗುಂಪಾಗಿರುವ ಕಣಗಳನ್ನು ಒಂದು ಜೋಡಿ ಒಂದೆಂದು ಹಿಡಿದಿತ್ತು, ಇನ್ನೊಂದು ಜೋಡಿ ಬಿಡಿಬಿಡಿಯಾಗಿ ಎಣಿಸಿತ್ತು. ಆಮೇಲೆ ನಿಯಮ ಬರೆದರು. ಅಂಟಿಕೊಂಡ ಗುಂಪು ಒಂದೇ ಕಣ, ನೂಲಿನ ಎಳೆ ಮತ್ತು ಹುಳ ಲೆಕ್ಕಕ್ಕಿಲ್ಲ, ಗೆರೆಯ ಮೇಲೆ ಬಿದ್ದದ್ದು ಎಡಗಡೆಯ ಚೌಕಕ್ಕೆ. ಯಾವ ಚೌಕ ಎಣಿಸಬೇಕೆಂದು ಚೀಟಿ ಎತ್ತಿದರು. ಟೇಪಿನ ಹಿಂದೆ ಜಾಗದ ಹೆಸರಿನ ಬದಲು ಗುಪ್ತ ಅಕ್ಷರ ಬರೆದು, ಅದರ ಪಟ್ಟಿಯನ್ನು ಶಿಕ್ಷಕಿ ತಮ್ಮ ಮೇಜಿನಲ್ಲಿ ಬೀಗ ಹಾಕಿಟ್ಟರು. ಎಣಿಸುವವರಿಗೆ ಇದು ರಸ್ತೆಯದೋ ತರಗತಿಯದೋ ಗೊತ್ತಾಗಬಾರದು ಎಂದು. ಇಷ್ಟಾದ ಮೇಲೆ ಎರಡು ಜೋಡಿಗಳ ನಡುವಿನ ವ್ಯತ್ಯಾಸ ನೂರಕ್ಕೆ ಹತ್ತರೊಳಗೆ ಬಂತು.

ವಾರದ ದಿನ ಮತ್ತು ಭಾನುವಾರ

ನಾಲ್ಕು ಜಾಗ ಆರಿಸಿದರು: ಡಾಂಬರಿನ ಅಂಚಿನಿಂದ ಮೂರು ಮೀಟರ್ ದೂರದ ಕಾಂಪೌಂಡ್, ರಸ್ತೆ ಕಡೆಯ ಕಿಟಕಿಯ ಒಳಬದಿ, ಬೋರ್ಡಿನ ಎದುರಿನ ಮೊದಲ ಬೆಂಚು, ಕೊನೆಯ ಬೆಂಚು. ಎಲ್ಲ ಕಡೆಯೂ ಟೇಪ್ ಅಡ್ಡಲಾಗಿ, ಕೂತ ಮಕ್ಕಳ ಮೂಗಿನ ಎತ್ತರಕ್ಕೆ ಇರಬೇಕು, ಒಂದೊಂದು ಜಾಗಕ್ಕೆ ಮೂರು ಮೂರು. ಐದನೆಯ ಗುಂಪಿನ ಟೇಪುಗಳನ್ನು ಮುಚ್ಚಿದ ಟಿಫನ್ ಡಬ್ಬಿಯಲ್ಲಿಟ್ಟು ಅದೇ ತರಗತಿಯಲ್ಲಿ ಇರಿಸಿದರು. ಅಂಟಿಸುವಾಗ, ಎತ್ತುವಾಗ ಎಷ್ಟು ಧೂಳು ತಾನಾಗಿ ಸೇರುತ್ತದೆ ಎಂದು ತಿಳಿಯಲು ಇದು ಬೇಕು. ಡಬ್ಬಿಯ ಟೇಪಿನಲ್ಲಿ ಚದರ ಸೆಂಟಿಮೀಟರಿಗೆ ಆರೇಳು ಕಣ ಸಿಕ್ಕವು. ಅದಕ್ಕಿಂತ ಚಿಕ್ಕ ವ್ಯತ್ಯಾಸಗಳನ್ನು ಮಾತಾಡಿ ಪ್ರಯೋಜನವಿಲ್ಲ.

ಬೆಳಿಗ್ಗೆ ಒಂಬತ್ತೂವರೆಯ ಪ್ರಾರ್ಥನೆಯಿಂದ ಸಂಜೆ ನಾಲ್ಕೂವರೆಯವರೆಗೆ ತೆರೆದಿಟ್ಟ ವಾರದ ದಿನಗಳ ಸರಾಸರಿ ಹೀಗೆ ಬಂತು. ಚದರ ಸೆಂಟಿಮೀಟರಿಗೆ ರಸ್ತೆ ಬದಿಯಲ್ಲಿ ಸುಮಾರು 140, ಕಿಟಕಿಯಲ್ಲಿ 70, ಕೊನೆಯ ಬೆಂಚಿನಲ್ಲಿ 90, ಮೊದಲ ಬೆಂಚಿನಲ್ಲಿ 160. ಮೊದಲ ಬೆಂಚಿನ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಿಳಿ.

ರಸ್ತೆಯಿಂದ ಬರುವ ಧೂಳು ಕಿಟಕಿಯನ್ನು ದಾಟಿಯೇ ಒಳಗೆ ಹೋಗಬೇಕು. ಹಾಗಿದ್ದರೆ ಕಿಟಕಿಯಲ್ಲೇ ಜಾಸ್ತಿ ಇರಬೇಕಿತ್ತು, ಕೊನೆಯ ಬೆಂಚಿನಲ್ಲಿ ಕಡಿಮೆ. ಇಲ್ಲಿ ಕ್ರಮ ತಿರುಗಾಮುರುಗಾ ಆಗಿತ್ತು. ಮುಖ್ಯೋಪಾಧ್ಯಾಯರಿಗೆ ಇದಿಷ್ಟೇ ಸಾಕಾಗಲಿಲ್ಲ, ಸಾಕಾಗಬೇಕಾಗಿಯೂ ಇರಲಿಲ್ಲ. ಆಗ ಭಾನುವಾರದ ಯೋಚನೆ ಬಂತು. ಭಾನುವಾರ ರಸ್ತೆಗೆ ರಜೆ ಇಲ್ಲ, ತರಗತಿಗೆ ಮಾತ್ರ ರಜೆ. ಕಿಟಕಿಗಳನ್ನು ವಾರದ ದಿನದಂತೆಯೇ ತೆರೆದು, ಅದೇ ಜಾಗಗಳಲ್ಲಿ ಅದೇ ಹೊತ್ತು ಟೇಪ್ ಇಟ್ಟರು. ಒಳಗೆ ಯಾರೂ ಕಾಲಿಡಲಿಲ್ಲ. ರಸ್ತೆ ಬದಿಯ ಸಂಖ್ಯೆ 120ರ ಆಸುಪಾಸಿಗೆ ಬಂತು, ಹೆಚ್ಚೇನೂ ಇಳಿಯಲಿಲ್ಲ. ಕಿಟಕಿಯಲ್ಲಿ 35. ಮೊದಲ ಬೆಂಚಿನಲ್ಲಿ ಬರೀ 15, ಕೊನೆಯದರಲ್ಲಿ 12.

ಮಕ್ಕಳು ಕುಣಿದಾಡಿದರು. “ಹಾಗಾದ್ರೆ ನೂರಕ್ಕೆ ತೊಂಬತ್ತು ಧೂಳು ನಮ್ಮದೇ!” ಎಂದು ಚಾರ್ಟಿಗೆ ಬರೆದೂ ಬಿಟ್ಟರು. ಇಲ್ಲಿ ನಾನು ತಡೆದೆ. ಭಾನುವಾರ ನೆಲ ಸುಮ್ಮನಿರುತ್ತದೆ. ರಸ್ತೆಯಿಂದ ಬಂದು ಹಿಂದೆಯೇ ನೆಲಕ್ಕೆ ಕೂತ ಧೂಳು, ಶೂಗಳಿಗಂಟಿ ಬಂದ ಮೈದಾನದ ಮಣ್ಣು ವಾರದ ದಿನ ಓಡಾಟಕ್ಕೆ ಮತ್ತೆ ಏಳುತ್ತವೆ, ಭಾನುವಾರ ಏಳುವುದಿಲ್ಲ. ಆದ್ದರಿಂದ ಭಾನುವಾರದ ಟೇಪು ಹೇಳುವುದು ಇಷ್ಟನ್ನೇ: ಆ ದಿನ ಹೊಸದಾಗಿ ಗಾಳಿಯಲ್ಲಿ ತೇಲಿ ಬಂದು ಬೆಂಚಿನ ಮೇಲೆ ಕೂತ ರಸ್ತೆಯ ದಪ್ಪ ಧೂಳು ಬಹಳ ಕಡಿಮೆ. ಬಿಳಿ ಕಣ ಬೋರ್ಡಿನದು ಎನ್ನಬಹುದು. ಕಂದು ಕಣ ಮೂಲದಲ್ಲಿ ಎಲ್ಲಿಯದು ಎಂಬುದನ್ನು ಈ ಟೇಪು ಬಿಡಿಸಿ ಹೇಳಲಾರದು.

ಆದರೂ ಏನು ಮಾಡಬೇಕು ಎಂಬುದಕ್ಕೆ ಅಷ್ಟು ಸಾಕಿತ್ತು. ನೆಲದಿಂದ ಏಳುವುದನ್ನು ತಡೆಯಬೇಕು, ಬೋರ್ಡಿನಿಂದ ಉದುರುವುದನ್ನು ತಡೆಯಬೇಕು. ಅದು ಏಳುವುದು ಯಾವಾಗ ಎಂದು ನೋಡಲು ಒಂದು ಟೇಪನ್ನು ಬೆಳಿಗ್ಗೆ ಕಸ ಗುಡಿಸುವ ಇಪ್ಪತ್ತು ನಿಮಿಷಕ್ಕೆ ಮಾತ್ರ ತೆರೆದಿಟ್ಟರು. ಅದೊಂದರಲ್ಲೇ ಸುಮಾರು 55 ಕಣ ಕೂತಿದ್ದವು! ಗುಡಿಸುತ್ತಿದ್ದದ್ದು ಪ್ರಾರ್ಥನೆಗೆ ಸ್ವಲ್ಪ ಮುಂಚೆ. ಪ್ರಾರ್ಥನೆ ಮುಗಿಸಿ ಮಕ್ಕಳು ಒಳಗೆ ಬರುವ ಹೊತ್ತಿಗೆ ದೊಡ್ಡ ಕಣಗಳು ನೆಲ ಸೇರಿರುತ್ತವೆ, ಸಣ್ಣವು ಇನ್ನೂ ಗಾಳಿಯಲ್ಲೇ ಇರುತ್ತವೆ. ನಿಶ್ಚಲ ಗಾಳಿಯಲ್ಲಿ 10 ಮೈಕ್ರೋಮೀಟರ್ ಅಗಲದ ಮಣ್ಣಿನ ಕಣ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ಇಳಿಯುತ್ತದೆ, ಅಂದರೆ ಒಂದೂವರೆ ಮೀಟರ್ ಇಳಿಯಲು ಮೂರು ನಿಮಿಷ ಸಾಕು. ಅದೇ 1 ಮೈಕ್ರೋಮೀಟರಿನ ಕಣಕ್ಕೆ ಐದು ಗಂಟೆಯ ಹತ್ತಿರ ಹಿಡಿಯುತ್ತದೆ. ಗಾತ್ರ ಹತ್ತನೇ ಒಂದಾದರೆ ಇಳಿಯುವ ವೇಗ ಹೆಚ್ಚುಕಡಿಮೆ ನೂರನೇ ಒಂದಕ್ಕೆ ಬೀಳುತ್ತದೆ. ಮಕ್ಕಳು ಓಡಾಡುವ ಕೋಣೆಯಲ್ಲಂತೂ ಅಂಥ ಕಣ ನೆಲ ಕಾಣುವುದೇ ಕಷ್ಟ.

ಟೇಪು ಕಾಣದ ಧೂಳು

ಈ ಲೆಕ್ಕ ಬೋರ್ಡಿನ ಮೇಲೆ ಬಂದಾಗ ಒಬ್ಬ ಹುಡುಗ ಕೇಳಿದ, “ಸಾರ್, ಕೆಳಗೇ ಇಳಿಯದ ಧೂಳು ನಮ್ಮ ಟೇಪಿಗೆ ಹೇಗೆ ಸಿಗುತ್ತೆ?” ಸಿಗುವುದಿಲ್ಲ. ಅದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸಿದ್ದು ಪರಿಣಾಮ ಮಾಡಿತು. ಖಾಲಿ ಪ್ರಯೋಗಾಲಯದಲ್ಲಿ ಹೊಸ ಟೇಪನ್ನಿಟ್ಟು, ಒಂದು ಗಂಧದಕಡ್ಡಿ ಹಚ್ಚಿ ಬಾಗಿಲು ಹಾಕಿಕೊಂಡು ಬಂದೆವು. ತೆರೆದಾಗ ಕೋಣೆಯೆಲ್ಲ ಹೊಗೆ, ಕಿಟಕಿಯ ಬಿಸಿಲ ಕೋಲಿನಲ್ಲಿ ಅದು ಸುತ್ತುವುದು ಕಾಣುತ್ತಿತ್ತು. ಟೇಪನ್ನು ಭೂತಗನ್ನಡಿಯ ಕೆಳಗಿಟ್ಟರೆ ಮುಚ್ಚಿದ ಡಬ್ಬಿಯ ಟೇಪಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಹೊಗೆಯ ಕಣಗಳು ಬಹುತೇಕ ಒಂದು ಮೈಕ್ರೋಮೀಟರಿಗಿಂತ ಚಿಕ್ಕವು. ಕೂತರೂ ಭೂತಗನ್ನಡಿಗೆ ಕಾಣವು, ಹೆಚ್ಚಿನವು ಕೂರುವುದೂ ಇಲ್ಲ. ಡೀಸೆಲ್ ಹೊಗೆಯದೂ ಇದೇ ಕಥೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಈ ಗಾತ್ರದ್ದೇ.

ಹಾಗಾಗಿ “ರಸ್ತೆಯ ಗಾಳಿಗಿಂತ ನಮ್ಮ ತರಗತಿಯ ಗಾಳಿ ಹೆಚ್ಚು ಮಲಿನ” ಎಂದು ಚಾರ್ಟಿನ ತಲೆಬರಹದಲ್ಲಿದ್ದ ಸಾಲನ್ನು ಶಿಕ್ಷಕಿ ಹೊಡೆದು ಹಾಕಿದರು. ಕೆಳಗೆ ರಾಷ್ಟ್ರೀಯ ಮಾನದಂಡವನ್ನೂ ಬರೆದಿದ್ದರು. 2009ರ ಆ ಮಾನದಂಡದಲ್ಲಿ ಪಿಎಂ 2.5ಕ್ಕೆ, ಅಂದರೆ 2.5 ಮೈಕ್ರೋಮೀಟರ್‌ವರೆಗಿನ ಕಣಗಳಿಗೆ, 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ಪಿಎಂ 10ಕ್ಕೆ 100. ಅದು ಗಾಳಿಯಲ್ಲಿ ತೇಲುತ್ತಿರುವುದರ ತೂಕ. ಟೇಪಿನದು ಕೆಳಗೆ ಬಿದ್ದದ್ದರ ಎಣಿಕೆ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ದಾರಿಯೇ ಇಲ್ಲ. ಮಕ್ಕಳಿಗೆ ಬೇಜಾರಾಯಿತು, ಮಾನದಂಡ ಇಲ್ಲದ ಚಾರ್ಟು ಬಹುಮಾನ ತರುವುದಿಲ್ಲ ಎಂದು ಗೊಣಗಿದರು.

ತೇಲುವ ಧೂಳನ್ನು ಹಿಡಿಯಬೇಕಾದರೆ ಗಾಳಿಯನ್ನು ಎಳೆಯಬೇಕು. ಒಬ್ಬ ಶಿಕ್ಷಕರ ಮನೆಯ ವ್ಯಾಕ್ಯೂಮ್ ಕ್ಲೀನರ್ ತಂದು, ಅದರ ಕೊಳವೆಯ ಬಾಯಿಗೆ ಬಿಳಿ ಹತ್ತಿ ಬಟ್ಟೆಯನ್ನು ಎರಡು ಪದರ ಮಾಡಿ ರಬ್ಬರ್ ಬ್ಯಾಂಡ್ ಬಿಗಿದರು. ಗೇಟಿನ ಪಕ್ಕದ ಅಂಗಡಿಯಿಂದ ಕರೆಂಟು ಎಳೆದುಕೊಂಡು ಬೆಳಿಗ್ಗೆ ಬಸ್ಸುಗಳು ಸೇರುವ ಹೊತ್ತಿಗೆ ರಸ್ತೆ ಬದಿಯಲ್ಲಿ ಇಪ್ಪತ್ತು ನಿಮಿಷ, ಕೂಡಲೇ ತರಗತಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿದರು. ಮೋಟಾರು ಬಿಸಿಯಾಗುತ್ತದೆಂದು ನಡುನಡುವೆ ನಿಲ್ಲಿಸಬೇಕಾಯಿತು. ಒಂದೇ ಬಟ್ಟೆಯ ತುಂಡು, ಒಂದೇ ಅವಧಿ, ಇಷ್ಟನ್ನು ಬಿಟ್ಟು ಇದರಲ್ಲಿ ನಿಖರತೆ ಏನಿಲ್ಲ. ಎಷ್ಟು ಗಾಳಿ ಹಾದು ಹೋಯಿತೆಂದು ಗೊತ್ತಿಲ್ಲದ ಕಾರಣ ಬಣ್ಣ ಹೋಲಿಸಬಹುದೇ ಹೊರತು ಪ್ರಮಾಣ ಹೇಳಲಾಗದು.

ಬಟ್ಟೆ ಬಿಚ್ಚಿದಾಗ ಎರಡರ ಮೇಲೂ ಕೊಳವೆಯ ಬಾಯಷ್ಟು ಅಗಲದ ಬೂದು ವೃತ್ತ. ರಸ್ತೆಯದು ಸ್ವಲ್ಪ ಗಾಢ, ತರಗತಿಯದು ಸ್ವಲ್ಪ ತಿಳಿ. ಅಕ್ಕಪಕ್ಕ ಇಡದೆ ಒಂದೊಂದಾಗಿ ತೋರಿಸಿದರೆ ಯಾವುದು ಎಲ್ಲಿಯದೆಂದು ಬಹಳ ಮಂದಿಗೆ ಹೇಳಲಾಗಲಿಲ್ಲ. ಭಾನುವಾರದ ಟೇಪಿನಲ್ಲಿ ರಸ್ತೆಯ ದಪ್ಪ ಧೂಳು ಒಳಗೆ ಬರುವಷ್ಟರಲ್ಲಿ ಎಂಟನೇ ಒಂದಕ್ಕೆ ಇಳಿದಿತ್ತು. ಮಸಿ ಮಾತ್ರ ಹೆಚ್ಚುಕಡಿಮೆ ಹಾಗೇ ಒಳಗೆ ಬಂದಿತ್ತು. ತೆರೆದ ಕಿಟಕಿಯ ಕೋಣೆಗೆ ಸೂಕ್ಷ್ಮ ಕಣದ ಮಟ್ಟಿಗೆ ಗೋಡೆ ಇದ್ದೂ ಇಲ್ಲದ ಹಾಗೆ.

ಏನು ಬದಲಾಯಿತು

ಕಿಟಕಿ ಕಾಯಂ ಮುಚ್ಚುವ ತೀರ್ಮಾನ ಬಿದ್ದುಹೋಯಿತು. ಬೆಂಚಿನ ಮೇಲೆ ಕೂರುವ ಧೂಳಿನ ದೊಡ್ಡ ಪಾಲು ಒಳಗೇ ಏಳುವುದಾದರೆ, ಕಿಟಕಿ ಮುಚ್ಚಿದರೆ ಅದು ಹೊರಗೆ ಹೋಗುವ ದಾರಿಯೂ ಮುಚ್ಚುತ್ತದೆ. ಬದಲಿಗೆ ಕಸ ಗುಡಿಸುವುದನ್ನು ಬೆಳಿಗ್ಗೆಯಿಂದ ಸಂಜೆ ಶಾಲೆ ಬಿಟ್ಟ ಮೇಲಕ್ಕೆ ಹಾಕಿದರು. ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದು ಹೇಳಿದಾಗ ಗುಡಿಸುವ ಅಮ್ಮ, “ಕುಡಿಯೋ ನೀರಿಗೇ ಟ್ಯಾಂಕರ್ ಬರಬೇಕು, ಮೂರು ಕೋಣೆ ಒರ್ಸೋಕೆ ಎಲ್ಲಿಂದ ತರ್ಲಿ ಸಾರ್?” ಎಂದರು. ಕೊನೆಗೆ ಒಪ್ಪಿಗೆಯಾದದ್ದು ಅವರದೇ ಮನೆಯಲ್ಲಿ ದಿನಾ ಮಾಡುವ ಕೆಲಸ: ಗುಡಿಸುವ ಮೊದಲು ಕೈಯಲ್ಲಿ ನೀರು ಚಿಮುಕಿಸುವುದು. ಒಂದು ಕೋಣೆಗೆ ಅರ್ಧ ಬಕೆಟ್ ಸಾಕಾಯಿತು. ಬೋರ್ಡನ್ನು ದಿನದ ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಡಸ್ಟರನ್ನು ತರಗತಿಯ ಗೋಡೆಗೆ ಬಡಿಯದೆ ಹೊರಗೆ ಒಯ್ದು ಕೊಡವುವುದು, ಮೊದಲ ಬೆಂಚನ್ನು ಬೋರ್ಡಿನಿಂದ ಒಂದಷ್ಟು ಹಿಂದಕ್ಕೆ ಸರಿಸುವುದು ಇವೂ ಸೇರಿದವು. ಪಾಠದ ನಡುವೆ ಬೋರ್ಡನ್ನು ಒದ್ದೆಯಾಗಿ ಒರೆಸಿದರೆ ಒಣಗುವವರೆಗೆ ಬರೆಯಲಾಗದು. ಆದ್ದರಿಂದ ಪೀರಿಯಡ್ಡುಗಳ ಮಧ್ಯೆ ಒಣ ಡಸ್ಟರೇ ಉಳಿಯಿತು.

ಫೆಬ್ರವರಿಯಲ್ಲಿ ಮತ್ತೆ ಟೇಪ್ ಇಟ್ಟಾಗ ಮೊದಲ ಬೆಂಚಿನ ಎಣಿಕೆ 160ರಿಂದ 70ರ ಹತ್ತಿರಕ್ಕೆ, ಕೊನೆಯದು 90ರಿಂದ 45ಕ್ಕೆ ಇಳಿದಿತ್ತು. ಕಾಂಪೌಂಡಿನದು ಮೊದಲಿನಂತೆಯೇ ಇತ್ತು, ಆದ್ದರಿಂದ ಊರಿನ ಹವೆಯೇ ಬದಲಾಗಿ ಹೀಗಾಯಿತು ಎನ್ನಲು ಬರುವುದಿಲ್ಲ. ಆದರೆ ಎಲ್ಲ ಬದಲಾವಣೆಗಳನ್ನೂ ಒಟ್ಟಿಗೇ ತಂದದ್ದರಿಂದ ನೀರು ಚಿಮುಕಿಸಿದ್ದರ ಪಾಲೆಷ್ಟು, ಬೆಂಚು ಸರಿಸಿದ್ದರ ಪಾಲೆಷ್ಟು ಎಂದು ಬೇರ್ಪಡಿಸಲು ಆಗಲಿಲ್ಲ. ಇದು ತಿಳಿದೇ ಮಾಡಿದ ಆಯ್ಕೆ. ಪರೀಕ್ಷೆ ಹತ್ತಿರವಿತ್ತು, ಒಂದೊಂದನ್ನೇ ನೋಡುತ್ತ ಕೂರುವುದಕ್ಕಿಂತ ಧೂಳು ಕಡಿಮೆಯಾಗುವುದು ಮುಖ್ಯ ಎಂದು ಶಿಕ್ಷಕಿ ನಿರ್ಧರಿಸಿದರು. ಕೆಮ್ಮು ಕಡಿಮೆಯಾಯಿತೇ ಎಂದು ಪೋಷಕರು ಕೇಳಿದ್ದಕ್ಕೆ ಶಾಲೆ ಉತ್ತರ ಕೊಡಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಮ್ಮಿನ ಲೆಕ್ಕ ಇರುವುದಿಲ್ಲವಲ್ಲ.

ಬಟ್ಟೆಯ ಬೂದು ವೃತ್ತ ಎಳ್ಳಷ್ಟೂ ಬದಲಾಗಲಿಲ್ಲ. ನೀರು ಚಿಮುಕಿಸುವುದು ಡೀಸೆಲ್ ಹೊಗೆಗೆ ಮದ್ದಲ್ಲ. ಬಸ್ಸುಗಳು ಸೇರುವ ಬೆಳಗಿನ ಮತ್ತು ಸಂಜೆಯ ಅರ್ಧ ಗಂಟೆ ಮಾತ್ರ ರಸ್ತೆ ಕಡೆಯ ಕಿಟಕಿ ಮುಚ್ಚಿ, ಮೈದಾನದ ಕಡೆಯದನ್ನು ತೆರೆದಿಡುವುದೆಂದು ಮುಖ್ಯೋಪಾಧ್ಯಾಯರು ಸದ್ಯಕ್ಕೆ ಹೇಳಿದ್ದಾರೆ. ಅದರಿಂದ ವೃತ್ತದ ಬಣ್ಣ ತಿಳಿಯಾಗುತ್ತದೆಯೇ ಎಂದು ನೋಡುವ ಕೆಲಸ ಜೂನ್‌ನಲ್ಲಿ ಬರುವ ಮುಂದಿನ ಒಂಬತ್ತನೇ ತರಗತಿಯದು. ಮಳೆ ಹಿಡಿದರೆ ಹೋಲಿಕೆ ಕೆಡುವುದರಿಂದ, ನವೆಂಬರ್ ಕಳೆದು ನೆಲ ಒಣಗುವವರೆಗೆ ಅವರೂ ಕಾಯಬೇಕು.